ಇಲ್ಲಿ ಯಾವ ವಾಸನೆಯೂ ಇಲ್ಲ

ಎಂ.ಎ. ಮುಗಿಸಿ ಪಿಎಚ್‌.ಡಿ.ಗೆ ಸೇರುವ ಮಧ್ಯೆ ಏಳು ತಿಂಗಳು ನಾನು ಬೆಂಗಳೂರಿನ ಒಂದು ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದೆ. ಫೆಲೋಶಿಪ್ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಪಿ.ಜಿ. ಬಾಡಿಗೆಯ ದಿನ ಮಾತ್ರ ತಪ್ಪದೆ ಬರುತ್ತಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕುರ್ತಾ ವಿಭಾಗದಲ್ಲಿ ನಿಂತು, ಗ್ರಾಹಕರು ಬಿಚ್ಚಿ ಹಾಕಿದ್ದನ್ನು ಮತ್ತೆ ಮಡಿಸಿ ಜೋಡಿಸುವುದು ನನ್ನ ಕೆಲಸ.

ಒಂದು ಶನಿವಾರ ಮಧ್ಯಾಹ್ನ ಮಗಳ ಜೊತೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಟ್ರಯಲ್ ರೂಮಿನ ಹೊರಗೆ ಸ್ಟೂಲಿನ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನನ್ನು ಕರೆದರು. "ಏನಮ್ಮಾ ಇದು, ಇಷ್ಟೊಂದು ಘಾಟು? ತಲೆ ಸಿಡೀತಾ ಇದೆ. ಏನು ಹೊಡೆದಿದ್ದೀರಿ ಇಲ್ಲಿ?"

ನಾನು ಒಮ್ಮೆ ಉಸಿರೆಳೆದು ನೋಡಿದೆ. "ಏನೂ ಇಲ್ಲ ಮೇಡಂ. ಇಲ್ಲಿ ಯಾವ ವಾಸನೆಯೂ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗಳಿಗೆ "ನೀನು ತಗೊಂಡು ಬಾ, ನಾನು ಹೊರಗಿರ್ತೀನಿ" ಎಂದು ಹೇಳಿ ಗೋಡೆ ಹಿಡಿದುಕೊಂಡು ಎದ್ದು ಹೋದರು. ನಾನು ಸುಳ್ಳು ಹೇಳಿರಲಿಲ್ಲ. ನನಗೆ ನಿಜವಾಗಿಯೂ ಏನೂ ಗೊತ್ತಾಗಿರಲಿಲ್ಲ. ಆದರೆ ಎರಡು ವಾರದ ಹಿಂದೆ ಅದೇ ವಾಸನೆಯನ್ನು ಹೆಚ್ಚು ಮಾಡಿದವಳೂ ನಾನೇ. ನಂಬಿದ್ದನ್ನೇ ಹೇಳಿದ್ದೆ, ಹೇಳಿದ್ದು ಮಾತ್ರ ನಿಜವಾಗಿರಲಿಲ್ಲ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಆಗ ಯೋಚಿಸಲು ಪುರುಸೊತ್ತಿರಲಿಲ್ಲ. ಈಗ ತತ್ತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾ ಒಪ್ಪಿಗೆ, ವಂಚನೆ, ಪ್ರಭಾವ ಎಂಬ ಪದಗಳ ಮಧ್ಯೆಯೇ ದಿನ ಕಳೆಯುತ್ತಿರುವಾಗ ಆ ಸೆರಗು ಮತ್ತೆ ಮತ್ತೆ ನೆನಪಾಗುತ್ತದೆ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ಅಂಗಡಿಯ ಹಿಂದೆ, ಸ್ಟಾಕ್ ರೂಮಿನ ಗೋಡೆಯ ಮೇಲೆ ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಇತ್ತು. ಒಳಗೆ ಅರ್ಧ ಲೀಟರಿನ ಬಾಟಲಿ, ಅದರಲ್ಲಿ ಸುಗಂಧದ ಎಣ್ಣೆ. ಒಂದು ಪುಟ್ಟ ಪಂಪು ಗಾಳಿಯನ್ನು ಒತ್ತಿ ಸಣ್ಣ ರಂಧ್ರದ ಮೂಲಕ ವೇಗವಾಗಿ ಹಾಯಿಸುತ್ತದೆ. ಆ ವೇಗಕ್ಕೆ ಎಣ್ಣೆ ಕೊಳವೆಯಲ್ಲಿ ಮೇಲೇರಿ, ರಂಧ್ರದ ಬಾಯಲ್ಲಿ ಒಡೆದು ಮಂಜಿನಂತಾಗುತ್ತದೆ. ಬಿಸಿ ಮಾಡುವುದಿಲ್ಲ, ನೀರು ಬೆರೆಸುವುದಿಲ್ಲ. ಹನಿಗಳು ಎಷ್ಟು ಸಣ್ಣವೆಂದರೆ ಕೈಯೊಡ್ಡಿದರೆ ತೇವವಾಗುವುದಿಲ್ಲ, ಎದುರಿಗೆ ಬೆಳಕಿಲ್ಲದಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಅಲ್ಲಿಂದ ಒಂದು ಪ್ಲಾಸ್ಟಿಕ್ ಕೊಳವೆ ಏಸಿಯ ಗಾಳಿ ಬರುವ ಡಕ್ಟಿಗೆ ಹೋಗುತ್ತದೆ. ತಂಪಾದ ಗಾಳಿಯ ಜೊತೆ ಪರಿಮಳವೂ ಚಾವಣಿಯ ಎಲ್ಲ ಕಿಂಡಿಗಳಿಂದ ಸಮನಾಗಿ ಇಳಿಯುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಬೆರಳು ತೋರಿಸಿ ಹೇಳಲು ಆಗುವುದಿಲ್ಲ.

ಯಂತ್ರ ಸದಾ ಓಡುವುದಿಲ್ಲ. ನಮ್ಮಲ್ಲಿ ಅರ್ಧ ನಿಮಿಷ ಬಿಡುವುದು, ಒಂದೂವರೆ ನಿಮಿಷ ನಿಲ್ಲಿಸುವುದು ಎಂದು ಹೊಂದಿಸಿದ್ದರು. ಇದರಲ್ಲಿ ಎಣ್ಣೆ ಉಳಿಸುವ ಲೆಕ್ಕವೂ ಇದೆ, ಮೂಗಿನ ಲೆಕ್ಕವೂ ಇದೆ. ಒಂದೇ ವಾಸನೆ ಒಂದೇ ಮಟ್ಟದಲ್ಲಿ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಗ್ರಾಹಕರ ಮೂಗು ಹೊರಗಿನ ಕಾರಿಡಾರಿಗೆ ಹೋದರೆ ಬೇಗ ಸರಿಹೋಗುತ್ತದೆ. ದಿನಕ್ಕೆ ಒಂಬತ್ತು ಗಂಟೆಯಂತೆ ತಿಂಗಳುಗಟ್ಟಲೆ ಅಲ್ಲೇ ನಿಲ್ಲುವವರ ಕಥೆ ಬೇರೆ. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಪಮೇಲಾ ಡಾಲ್ಟನ್ ಮತ್ತು ಚಾರ್ಲ್ಸ್ ವೈಸಾಕಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ತಮ್ಮ ಮನೆಯಲ್ಲೇ ಎರಡು ವಾರ ಒಂದು ಪರಿಮಳದ ಜೊತೆ ಇದ್ದರು. ಆ ಒಂದು ಪರಿಮಳದ ಮಟ್ಟಿಗೆ ಅವರ ಮೂಗು ಮಂದವಾಯಿತು. ಪರಿಮಳವನ್ನು ತೆಗೆದ ಮೇಲೂ ಆ ಮಂದತನ ದಿನಗಟ್ಟಲೆ ಉಳಿಯಿತು.

ನಮ್ಮ ಅಂಗಡಿಯಲ್ಲಿ ನಡೆದದ್ದೂ ಇದೇ. ಫ್ಲೋರ್ ಮ್ಯಾನೇಜರ್ ಒಂದು ದಿನ ಬಂದು "ವಾಸನೆ ಬರ್ತಾನೇ ಇಲ್ಲ ಕಣ್ರೀ, ಬಾಟ್ಲಿ ಖಾಲಿಯಾಯ್ತಾ ನೋಡಿ" ಎಂದರು. ನಾನು ಸ್ಟೂಲ್ ಹತ್ತಿ ನೋಡಿದೆ. ಬಾಟಲಿ ಅರ್ಧ ತುಂಬಿತ್ತು. "ಹಾಗಾದ್ರೆ ಎರಡು ಪಾಯಿಂಟ್ ಜಾಸ್ತಿ ಮಾಡಿ." ಮಾಡಿದೆ. ಎರಡು ದಿನ ಎಲ್ಲರಿಗೂ ಪರಿಮಳ ಚೆನ್ನಾಗಿ ಗೊತ್ತಾಯಿತು, ಮತ್ತೆ ಮಾಯವಾಯಿತು. ಈ ವ್ಯವಸ್ಥೆ ಕೆಡುವುದು ಸಾಮಾನ್ಯವಾಗಿ ಹೀಗೆಯೇ. ಪ್ರಮಾಣ ಎಷ್ಟಿದೆ ಎಂದು ಹೇಳಬೇಕಾದ ಮೂಗುಗಳೇ ಆ ಕೆಲಸಕ್ಕೆ ಬಾರದವು. ಯಂತ್ರ ನೋಡಿಕೊಳ್ಳುವ ಏಜೆನ್ಸಿಯ ಹುಡುಗ ತಿಂಗಳಿಗೊಮ್ಮೆ ಬಂದು, ಬಾಗಿಲಲ್ಲಿ ಕಾಲಿಟ್ಟ ಕೂಡಲೇ "ಯಾರ್ರೀ ಮುಟ್ಟಿದ್ದು ಇದನ್ನ?" ಎಂದು ಕೂಗಿ ಮೊದಲಿನ ಮಟ್ಟಕ್ಕೆ ಇಳಿಸುತ್ತಿದ್ದ. ಬಾಟಲಿ ತಿಂಗಳಿಗೆ ಮೊದಲೇ ಮುಗಿದಿದ್ದರೆ ಅವನಿಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು. ಆ ಹಿರಿಯರು ಬಂದ ಶನಿವಾರ ಅವನು ಬರಲು ಇನ್ನೂ ಒಂದು ವಾರ ಬಾಕಿ ಇತ್ತು.

ಇಷ್ಟಕ್ಕೂ ಇದರಿಂದ ಅಂಗಡಿಗೆ ಲಾಭವಿದೆಯೇ? ಪರಿಮಳ ಮಾರುವ ಕಂಪನಿಗಳ ಮಾತು ಕೇಳಿದರೆ ಗ್ರಾಹಕರು ಮಂತ್ರಮುಗ್ಧರಾಗಿ ಪರ್ಸ್ ತೆಗೆಯುತ್ತಾರೆ ಎನಿಸುತ್ತದೆ. ಅಲ್ಲಿ ಪದೇ ಪದೇ ಕೇಳಿಬರುವುದು ಅಲನ್ ಹರ್ಷ್ 1995ರಲ್ಲಿ ಪ್ರಕಟಿಸಿದ ಲಾಸ್ ವೇಗಸ್ ಕ್ಯಾಸಿನೊ ಪ್ರಯೋಗ. ಸ್ಲಾಟ್ ಯಂತ್ರಗಳ ಒಂದು ಜಾಗದಲ್ಲಿ ಒಂದು ವಾರಾಂತ್ಯ ಪರಿಮಳ ಬಿಟ್ಟಾಗ, ಹಿಂದಿನ ಮತ್ತು ಮುಂದಿನ ವಾರಾಂತ್ಯಗಳಿಗೆ ಹೋಲಿಸಿದರೆ ಯಂತ್ರಕ್ಕೆ ಬಿದ್ದ ಹಣ ಸುಮಾರು ಶೇ. 45ರಷ್ಟು ಹೆಚ್ಚಿತ್ತು. ಅದೇ ಪ್ರಯೋಗದಲ್ಲಿ ಇನ್ನೊಂದು ಜಾಗದಲ್ಲಿ ಇನ್ನೊಂದು ಪರಿಮಳವನ್ನೂ ಬಿಟ್ಟಿದ್ದರು. ಅಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಾರುವವರ ಮಾತಿನಲ್ಲಿ ಈ ಎರಡನೆಯದು ಬರುವುದು ಕಡಿಮೆ. 1999ರಲ್ಲಿ ಪೌಲಾ ಬೋನ್ ಮತ್ತು ಪಾಮ್ ಎಲೆನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಸುಮ್ಮನೆ ಒಂದು ಪರಿಮಳ ಇದ್ದ ಮಾತ್ರಕ್ಕೆ ಗ್ರಾಹಕರು ಬೇರೆ ರೀತಿ ನಡೆದುಕೊಳ್ಳುತ್ತಾರೆ ಎನ್ನಲು ಪುರಾವೆ ಸಾಲದು ಎಂದೇ ಬರೆದರು.

ನನಗೆ ಹೆಚ್ಚು ನಂಬಿಕೆ ಬರುವುದು ಸ್ವಿಟ್ಜರ್ಲೆಂಡಿನ ಪ್ರಯೋಗದಲ್ಲಿ. ಆಂಡ್ರಿಯಾಸ್ ಹೆರ್ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು ಅದು. ಮನೆ ಅಲಂಕಾರದ ಸಾಮಾನು ಮಾರುವ ಅಂಗಡಿ. 18 ದಿನ, 400ಕ್ಕೂ ಹೆಚ್ಚು ಗ್ರಾಹಕರು. ಕೆಲವು ದಿನ ಬರೀ ಕಿತ್ತಳೆಯ ಪರಿಮಳ, ಕೆಲವು ದಿನ ಕಿತ್ತಳೆಗೆ ತುಳಸಿಯ ಜಾತಿಯ ಬೇಸಿಲ್ ಮತ್ತು ಗ್ರೀನ್ ಟೀ ಬೆರೆಸಿದ ಪರಿಮಳ, ಕೆಲವು ದಿನ ಏನೂ ಇಲ್ಲ. ಎರಡು ಪರಿಮಳಗಳೂ ಜನರಿಗೆ ಹಿತವೆನಿಸುವವೇ. ಬರೀ ಕಿತ್ತಳೆ ಇದ್ದ ದಿನಗಳಲ್ಲಿ ಜನ ಸರಾಸರಿ ಶೇ. 20ರಷ್ಟು ಹೆಚ್ಚು ಖರ್ಚು ಮಾಡಿದರು. ಮಿಶ್ರ ಪರಿಮಳದ ದಿನಗಳಲ್ಲಿ ಆ ಹೆಚ್ಚಳ ಕಾಣಲಿಲ್ಲ. ಸಂಶೋಧಕರು ಕೊಟ್ಟ ಕಾರಣ ಕೇಳಲು ಸರಳ. ಕಿತ್ತಳೆಯನ್ನು ಮನಸ್ಸು ಸುಲಭವಾಗಿ ಗುರುತಿಸಿ ಪಕ್ಕಕ್ಕಿಡುತ್ತದೆ. ಮಿಶ್ರ ಪರಿಮಳ ಬಂದರೆ ಅದೇನೆಂದು ಬಿಡಿಸುವುದರಲ್ಲೇ ಒಂದಿಷ್ಟು ಶಕ್ತಿ ಹೋಗುತ್ತದೆ, ಕೊಳ್ಳುವ ಕೆಲಸಕ್ಕೆ ಉಳಿಯುವುದು ಅಷ್ಟು ಕಡಿಮೆ. ಅಂದರೆ ಪರಿಮಳ ನಮ್ಮನ್ನು ಎಳೆದುಕೊಂಡು ಹೋಗುತ್ತದೆ ಎಂಬ ಚಿತ್ರ ಸರಿಯಲ್ಲ. ದಾರಿಯಲ್ಲಿದ್ದ ಒಂದು ಸಣ್ಣ ಕಲ್ಲನ್ನು ಅದು ಎತ್ತಿ ಬದಿಗಿಡುತ್ತದೆ, ನಡೆಯುವವರು ನಾವೇ.

ಹಾಗಿದ್ದರೆ ತಕರಾರು ಯಾಕೆ? ನನ್ನ ಗೆಳೆಯನೊಬ್ಬ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ನನ್ನ ಸಂಶೋಧನೆಯೇ ತಮಾಷೆ. "ದೀಪ ಹಾಕ್ತೀವಿ, ಸಂಗೀತ ಹಾಕ್ತೀವಿ, ಏಸಿ ಹಾಕ್ತೀವಿ. ಯಾವುದಕ್ಕೂ ನಿನ್ನ ಒಪ್ಪಿಗೆ ಕೇಳಲ್ಲ. ವಾಸನೆಗೆ ಮಾತ್ರ ಯಾಕೆ ಅರ್ಜಿ ಕೊಡಬೇಕು?" ಎನ್ನುತ್ತಾನೆ. ಇದು ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಲ್ಲ.

ಸುಲಭದ ಒಂದು ಉತ್ತರ ಇಮ್ಯಾನ್ಯುಯೆಲ್ ಕಾಂಟ್‌ನಲ್ಲಿ ಸಿಗುತ್ತದೆ. 1790ರಲ್ಲಿ ಬಂದ, ಸೌಂದರ್ಯದ ನಿರ್ಣಯವನ್ನು ಕುರಿತ ಗ್ರಂಥದಲ್ಲಿ ಅವನು ಸೆಂಟು ಹಚ್ಚಿದ ಕರವಸ್ತ್ರವನ್ನು ಜೇಬಿನಿಂದ ತೆಗೆಯುವ ಮನುಷ್ಯನ ಮಾತೆತ್ತುತ್ತಾನೆ. ಅಂಥವನು ಸುತ್ತಲಿನವರಿಗೆಲ್ಲ ಅವರಿಗೆ ಬೇಡದಿದ್ದರೂ ಆ ಪರಿಮಳವನ್ನು ಉಣಿಸುತ್ತಾನೆ, ಉಸಿರಾಡಬೇಕಾದವರು ಅದನ್ನೂ ಅನುಭವಿಸಲೇಬೇಕು ಎಂಬುದು ಕಾಂಟ್‌ನ ದೂರು. ಕಣ್ಣು ಮುಚ್ಚಬಹುದು, ಮುಖ ತಿರುಗಿಸಬಹುದು. ಮೂಗು ಮುಚ್ಚಿದರೆ ಎಷ್ಟು ಹೊತ್ತು? ತಮಾಷೆಯೆಂದರೆ ಇದನ್ನು ಅವನು ಹೇಳುವುದು ಸಂಗೀತವನ್ನು ಬೈಯುವಾಗ. ಪಕ್ಕದ ಮನೆಯ ಹಾಡು ಅವನ ಪ್ರಕಾರ ಆ ಕರವಸ್ತ್ರದ ಹಾಗೆಯೇ. ಅಲ್ಲಿಗೆ ಕಾಂಟ್ ನನ್ನ ಗೆಳೆಯನ ಪಕ್ಷಕ್ಕೇ ಸಹಾಯ ಮಾಡಿದಂತಾಯಿತು. ಬಲವಂತವೇ ತಪ್ಪಾದರೆ ಮಾಲ್‌ನ ಹಾಡೂ ಅಷ್ಟೇ ತಪ್ಪು.

ಇನ್ನೊಂದು ಉತ್ತರಕ್ಕೆ ನಾನು ಮನೆಯ ಹತ್ತಿರದ ದಾರಿ ಹಿಡಿಯುತ್ತೇನೆ. ಮೈಸೂರಿನಲ್ಲಿ ನಾನಿರುವ ಬೀದಿಯ ತುದಿಗೆ ಕಾಫಿಪುಡಿ ಅಂಗಡಿಯೊಂದಿದೆ. ಬೀಜ ಹುರಿಯುವ ಹೊತ್ತಿಗೆ ಆ ಘಮ ಇಡೀ ಬೀದಿಗೆ ಬರುತ್ತದೆ. ಬೇಡವಾಗಿದ್ದರೂ ಕಾಲು ಕಿಲೋ ಕಟ್ಟಿಸಿಕೊಂಡು ಬಂದಿದ್ದೇನೆ. ಅಂಗಡಿಯವರಿಗೂ ಇದು ಗೊತ್ತಿಲ್ಲದ್ದೇನಲ್ಲ. ಹಾಗಾದರೆ ಈ ಘಮಕ್ಕೂ ಕಪ್ಪು ಪೆಟ್ಟಿಗೆಗೂ ವ್ಯತ್ಯಾಸವೇನು? ಕಾಫಿಯ ಘಮ ಕಾಫಿಯಿಂದಲೇ ಬರುತ್ತದೆ. ಬೀಜ ಹಳತಾಗಿದ್ದರೆ, ಹುರಿಯುವಾಗ ಸೀದಿದ್ದರೆ ಮೂಗು ಅದನ್ನೂ ಹೇಳುತ್ತದೆ. ಅಂಗಡಿಯವರ ಪರವಾಗಿ ಸಾಕ್ಷಿ ಹೇಳುವ ವಾಸನೆ ಅವರ ವಿರುದ್ಧವೂ ಸಾಕ್ಷಿ ಹೇಳಬಲ್ಲದು. ನಮ್ಮ ಪೆಟ್ಟಿಗೆಯ ಪರಿಮಳ ಯಾವತ್ತೂ ಅಂಗಡಿಯ ವಿರುದ್ಧ ಮಾತಾಡುವುದಿಲ್ಲ. ಬಟ್ಟೆ ಒಂದೇ ಒಗೆತಕ್ಕೆ ಬಣ್ಣ ಬಿಡುವಂಥದ್ದಾದರೂ ಅದು ಅಷ್ಟೇ ಹಿತವಾಗಿರುತ್ತದೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎನ್ನುತ್ತಾರಲ್ಲ, ಇಲ್ಲಿ ಹೂವೇ ಇಲ್ಲ. ನಾರನ್ನು ಸಾಗಿಸಲೆಂದೇ ಬಾಟಲಿಯಲ್ಲಿ ತರಿಸಿದ ಕಂಪು ಅದು.

ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆ ಎಲ್ಲರಿಗೂ ಗೊತ್ತು. ವೈಶೇಷಿಕದ ಪ್ರಶಸ್ತಪಾದ ಅದರ ಪಕ್ಕದಲ್ಲೇ ಇನ್ನೊಂದನ್ನೂ ಇಡುತ್ತಾನೆ. ದೂರದ ಆವಿಯನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದರೆ ಅದು ಹೇತುವಲ್ಲ, ಹೇತುವಿನಂತೆ ಕಾಣುವುದು ಮಾತ್ರ. ಅಲ್ಲಿ ತಪ್ಪು ನೋಡುವವನದ್ದು, ಆವಿಗೆ ಯಾವ ಉದ್ದೇಶವೂ ಇಲ್ಲ. ನನ್ನ ಪ್ರಶ್ನೆ ಅದರ ಮುಂದಿನದು. ಜನ ಬೆಂಕಿಯಿದೆ ಎಂದುಕೊಳ್ಳಲಿ ಎಂದೇ ಯಾರೋ ಗುಡ್ಡದ ಮೇಲೆ ಆವಿ ಬಿಡುತ್ತಿದ್ದರೆ? ನಮ್ಮ ಯಂತ್ರ ಅಕ್ಷರಶಃ ಆ ಕೆಲಸವನ್ನೇ ಮಾಡುತ್ತಿತ್ತು.

ಆದರೆ ಬಟ್ಟೆಯಂಗಡಿಯ ಪರಿಮಳ ಯಾವ ಸುಳ್ಳನ್ನು ಹೇಳುತ್ತಿದೆ ಎಂದು ಗೆಳೆಯ ಕೇಳಿದ. ಬ್ರೆಡ್ ಸುಡದ ಅಂಗಡಿಯಲ್ಲಿ ಬ್ರೆಡ್ಡಿನ ವಾಸನೆ ಬಿಟ್ಟರೆ ಮೋಸ ಅನ್ನಬಹುದು. ಹತ್ತಿಬಟ್ಟೆಯ ಜೊತೆ ನಿಂಬೆಹೂವಿನ ಪರಿಮಳ ಇದ್ದರೆ ಅದು ಏನನ್ನೂ ಹೇಳುತ್ತಲೇ ಇಲ್ಲವಲ್ಲ? ಸರಿಯೇ. ಅದು ಒಂದು ವಾಕ್ಯವಾಗುವುದಿಲ್ಲ, ಆದ್ದರಿಂದ ಸುಳ್ಳೂ ಆಗುವುದಿಲ್ಲ. 'ಇಲ್ಲಿ ಚೆನ್ನಾಗಿದೆ' ಎಂಬ ಭಾವವನ್ನಷ್ಟೇ ಅದು ಹುಟ್ಟಿಸುತ್ತದೆ. ಆ ಚೆನ್ನ ಚಾವಣಿಯದೋ ಕುರ್ತಾದ್ದೋ ಎಂದು ವಿಂಗಡಿಸುವ ಕೆಲಸವನ್ನು ನನಗೆ ಬಿಡುತ್ತದೆ. ನಾನು ವಿಂಗಡಿಸುವುದಿಲ್ಲ, ಯಾಕೆಂದರೆ ವಿಂಗಡಿಸಲು ಏನೋ ಇದೆ ಎಂದೇ ನನಗೆ ಗೊತ್ತಿಲ್ಲ.

ಈ ಗೊತ್ತಿಲ್ಲದಿರುವುದರ ಬಗ್ಗೆ ಒಂದು ಪ್ರಯೋಗವಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವೆನ್ ಲಿ ಮತ್ತು ಸಂಗಡಿಗರು ಮಾಡಿದ್ದು, 2007ರಲ್ಲಿ ಪ್ರಕಟವಾಯಿತು. ಒಂದು ಬಾಟಲಿ ಮೂಸಿ ನೋಡಬೇಕು, ಆಮೇಲೆ ಪರದೆಯ ಮೇಲೆ ಬರುವ ಭಾವವಿಲ್ಲದ ಮುಖ ಎಷ್ಟು ಇಷ್ಟವಾಯಿತು ಎಂದು ಹೇಳಬೇಕು. ಬಾಟಲಿಯಲ್ಲಿ ನಿಂಬೆಯಂಥ ಹಿತವಾದ ವಾಸನೆಯೋ ಬೆವರಿನಂಥ ಅಹಿತದ್ದೋ ಇರುತ್ತಿತ್ತು, ಆದರೆ ಮೂಗಿಗೆ ಸಿಕ್ಕೂ ಸಿಗದಷ್ಟು ತೆಳುವಾಗಿ. ವಾಸನೆ ಗೊತ್ತೇ ಆಗದವರಲ್ಲಿ ಅದು ಮುಖದ ಮೇಲಿನ ಇಷ್ಟಾನಿಷ್ಟವನ್ನು ತನ್ನ ಕಡೆಗೆ ವಾಲಿಸಿತು. ವಾಸನೆಯನ್ನು ಗುರುತಿಸಿದವರಲ್ಲಿ ಆ ಪ್ರಭಾವ ಕಾಣಲಿಲ್ಲ. ಗೊತ್ತಾದೊಡನೆ ಮನಸ್ಸು ಅದನ್ನು ಲೆಕ್ಕದಿಂದ ಕಳೆದುಬಿಡುತ್ತದೆ ಅನ್ನಿಸುತ್ತದೆ. ಇದು ಪ್ರಯೋಗಾಲಯದ ಮಾತು. ಮಾಲ್‌ನ ಪರಿಮಳ ಅಷ್ಟು ತೆಳುವಲ್ಲ. ಒಂದು ಪ್ರಯೋಗದ ಮೇಲೆ ಇಡೀ ನೀತಿಶಾಸ್ತ್ರ ಕಟ್ಟಲು ನಾನು ಹೊರಟಿಲ್ಲ.

ಆದರೆ ಅದು ನನಗೊಂದು ಪರೀಕ್ಷೆಯನ್ನು ಹೊಳೆಸಿತು. ಅಂಗಡಿಯ ಬಾಗಿಲಲ್ಲಿ ಒಂದು ಬೋರ್ಡ್ ಹಾಕೋಣ: "ನೀವು ಹೆಚ್ಚು ಹೊತ್ತು ಇರಲಿ, ಹೆಚ್ಚು ಕೊಳ್ಳಲಿ ಎಂದು ಇಲ್ಲಿ ಸುಗಂಧದ ಎಣ್ಣೆಯನ್ನು ಏಸಿಯ ಮೂಲಕ ಬಿಡುತ್ತಿದ್ದೇವೆ." ಬೋರ್ಡ್ ಹಾಕಿದ ಮೇಲೆ ಪರಿಮಳದ ಪ್ರಭಾವ ಬಿದ್ದುಹೋದರೆ, ಅಷ್ಟು ದಿನ ಲಾಭ ಬರುತ್ತಿದ್ದದ್ದು ಪರಿಮಳದಿಂದಲ್ಲ, ನನ್ನ ತಿಳಿಯದಿರುವಿಕೆಯಿಂದ ಎಂದಾಯಿತು. ಪ್ರಭಾವ ಉಳಿದರೆ ಬೋರ್ಡಿನಿಂದ ಅಂಗಡಿಗೆ ಯಾವ ನಷ್ಟವೂ ಇಲ್ಲ, ಹಾಕದಿರಲು ಕಾರಣವೂ ಇಲ್ಲ. ಎರಡರಲ್ಲಿ ಯಾವುದು ನಿಜವಾದರೂ ಬೋರ್ಡ್ ಇರಬೇಕು. ಸಂಗೀತಕ್ಕೆ ಬೋರ್ಡ್ ಬೇಕಿಲ್ಲ, ಯಾಕೆಂದರೆ ಅದು ಕೇಳುತ್ತಿದೆ. ಹಾಡು ಚೆನ್ನಾಗಿಲ್ಲ ಎಂದು ಬೈಯಬಹುದು, ಕಡಿಮೆ ಮಾಡಿ ಎನ್ನಬಹುದು. ಸೆರಗು ಮೂಗಿಗೊತ್ತಿಕೊಂಡ ಆ ಹಿರಿಯರೂ ಕೇಳಿದ್ದು ಅಷ್ಟೇ, ನಾನು ಕೊಟ್ಟ ಉತ್ತರ ಏನೂ ಇಲ್ಲ ಎಂದು.

ಗೆಳೆಯ ಇದಕ್ಕೆ ತನ್ನ ಲೋಕದ ಉದಾಹರಣೆ ಕೊಟ್ಟ. ದೊಡ್ಡ ಹೋಟೆಲುಗಳು ತಮ್ಮ ಪರಿಮಳವನ್ನು ಮುಚ್ಚಿಡುವುದೇ ಇಲ್ಲ. ವೆಸ್ಟಿನ್ ಹೋಟೆಲುಗಳ ಲಾಬಿಯಲ್ಲಿರುವ 'ವೈಟ್ ಟೀ' ಪರಿಮಳ ಹೆಸರು ಹೇಳಿಯೇ ಮಾರಾಟಕ್ಕಿದೆ, ಬೇಕಾದವರು ಮನೆಗೂ ತೆಗೆದುಕೊಂಡು ಹೋಗಬಹುದು. ಒಪ್ಪುತ್ತೇನೆ, ಅವರು ಬೋರ್ಡಿನ ಅರ್ಧ ಸಾಲನ್ನು ಬರೆದಿದ್ದಾರೆ. ಹೋಟೆಲಿನ ಲೆಕ್ಕವೂ ಬೇರೆಯದು. ಅಲ್ಲಿ ತಕ್ಷಣಕ್ಕೆ ಕೊಳ್ಳುವುದೇನೂ ಇಲ್ಲ. ಒಂದು ಊರಿನಲ್ಲಿ ಸುಸ್ತಾಗಿ ಬಂದು ಮಲಗಿ ಎದ್ದ ನೆನಪು ಪರಿಮಳದ ಜೊತೆ ಅಂಟಿಕೊಳ್ಳುತ್ತದೆ. ಇನ್ನೊಂದು ಊರಿನಲ್ಲಿ ಅದೇ ಬ್ರ್ಯಾಂಡಿನ ಬಾಗಿಲು ದಾಟಿದಾಗ, ಯೋಚನೆಗಿಂತ ಮೊದಲೇ ಪರಿಚಯದ ಮನೆಗೆ ಬಂದ ಹಾಗೆ ಆಗುತ್ತದೆ. ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ಭಾವ ಮತ್ತು ನೆನಪಿನ ಭಾಗಗಳಿಗೆ ಬೇರೆ ಇಂದ್ರಿಯಗಳ ಸುದ್ದಿಗಿಂತ ನೇರವಾದ ದಾರಿಯಲ್ಲಿ ಹೋಗುತ್ತದೆ, ಅದಕ್ಕೇ ಹೀಗೆ. ನಮ್ಮ ಭಾಷೆಗೆ ಇದು ಹೊಸದಲ್ಲ. 'ವಾಸನೆ' ಎಂದರೆ ಮೂಗಿಗೆ ಬರುವುದೂ ಹೌದು, ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟುಹೋದ, ಮುಂದಿನ ನಡತೆಯನ್ನು ಒಳಗಿನಿಂದ ತಳ್ಳುವ ಸಂಸ್ಕಾರವೂ ಹೌದು. ಯೋಗಸೂತ್ರ ಎರಡನೆಯ ಅರ್ಥದಲ್ಲೇ ಆ ಪದವನ್ನು ಬಳಸುತ್ತದೆ. ಹೋಟೆಲಿನವರು ಮೊದಲನೆಯದನ್ನು ಸಿಂಪಡಿಸಿ ಎರಡನೆಯದನ್ನು ಬಿತ್ತುತ್ತಿದ್ದಾರೆ.

ಇಲ್ಲಿಗೆ ನಾನು ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ನನ್ನನ್ನು ತಡೆಯುವುದು ರಾಬರ್ಟ್ ಬ್ಯಾರನ್‌ನ ಪ್ರಯೋಗ. 1997ರಲ್ಲಿ ಬಂದದ್ದು, ನಡೆದದ್ದು ಅಮೆರಿಕದ ಒಂದು ಮಾಲ್‌ನಲ್ಲಿ. ಬ್ಯಾರನ್‌ನ ಸಹಾಯಕರು ಓಡಾಡುವವರ ಮುಂದೆ ಗೊತ್ತಿಲ್ಲದವರಂತೆ ಪೆನ್ ಬೀಳಿಸುತ್ತಿದ್ದರು, ಇಲ್ಲವೇ ಒಂದು ಡಾಲರಿಗೆ ಚಿಲ್ಲರೆ ಕೇಳುತ್ತಿದ್ದರು. ಬಿಸ್ಕತ್ತು ಬೇಯುವ, ಕಾಫಿ ಹುರಿಯುವ ಅಂಗಡಿಗಳ ಬಳಿ ಸಹಾಯಕ್ಕೆ ಬಂದವರು, ವಾಸನೆಯಿಲ್ಲದ ಜಾಗಗಳಲ್ಲಿ ಬಂದವರಿಗಿಂತ ಗಣನೀಯವಾಗಿ ಹೆಚ್ಚು. ಆಮೇಲೆ ನೀತಿಶಾಸ್ತ್ರದವರು ಈ ಫಲಿತಾಂಶವನ್ನು ಹಿಡಿದು ಸಾಕಷ್ಟು ಜಗಳವಾಡಿದ್ದಾರೆ. ಒಳ್ಳೆಯತನ ಗುಣದಲ್ಲಿದೆಯೋ ಓವನ್ನಿನಲ್ಲಿದೆಯೋ?

ಇದು ನನ್ನ ವಾದದ ಒಂದು ಕಾಲನ್ನು ಮುರಿಯುತ್ತದೆ. ಪರಿಮಳ ಇಲ್ಲದಿದ್ದರೆ ನಾನು ನನ್ನ ಬುದ್ಧಿಯಿಂದಲೇ ನಡೆಯುತ್ತಿದ್ದೆ, ಅಂಗಡಿ ಬಂದು ಅದನ್ನು ಕೆಡಿಸಿತು ಎಂದು ಹೇಳುವ ಹಾಗಿಲ್ಲ. ನನ್ನ ದಯೆಯೂ ಯಾರದೋ ಬಿಸ್ಕತ್ತಿನ ಮೇಲೆ ನಿಂತಿರಬಹುದು. ಯಾವ ವಾಸನೆಯೂ ಸೋಕದ ಶುದ್ಧ 'ನಾನು' ಎಂಬುದು ಇಲ್ಲ. ಬೆಳಿಗ್ಗೆ ಅಂಗಡಿ ತೆರೆದು ಊದುಬತ್ತಿ ಹಚ್ಚುವವರೂ ಹವೆಯನ್ನು ಬದಲಾಯಿಸುತ್ತಾರೆ. ಊದುಬತ್ತಿಯನ್ನು ನಾನು ಸುಲಭವಾಗಿ ಕ್ಷಮಿಸಿಬಿಡುವುದರಲ್ಲಿ ಬಾಲ್ಯದ ಪಕ್ಷಪಾತವೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದೇನಲ್ಲ. ಆದರೂ ಅದು ಕಣ್ಣಿಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಉರಿದು ಮುಗಿಯುತ್ತದೆ, ಹಚ್ಚಿದವರೂ ಅದರ ಪಕ್ಕದಲ್ಲೇ ಕೂತಿರುತ್ತಾರೆ. ಬ್ಯಾರನ್‌ನ ಬಿಸ್ಕತ್ತಿನ ವಾಸನೆಗೂ ಯಾರನ್ನೋ ಒಳ್ಳೆಯವರನ್ನಾಗಿ ಮಾಡುವ ಯೋಜನೆ ಇರಲಿಲ್ಲ. ಮಳೆ ಬಂದು ಮಣ್ಣಿನ ಕಂಪಿಗೆ ನನ್ನ ಸಿಟ್ಟು ಇಳಿದರೆ ನಾನು ಯಾರನ್ನೂ ಕೇಳಬೇಕಿಲ್ಲ. ಪೆಟ್ಟಿಗೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೊಂದು ಲೆಕ್ಕವಿದೆ. ಮನುಷ್ಯನನ್ನಾದರೆ 'ಯಾಕೆ ಹೀಗೆ ಮಾಡಿದೆ' ಎಂದು ಕೇಳಬಹುದು. ಕೇಳುವ ದಾರಿಯನ್ನೇ ಮುಚ್ಚಿಬಿಡುವುದು ನನ್ನ ತಕರಾರು.

ಆ ದಾರಿ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಘಟನೆ ಇದೆ. 2006ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಣಾ ಮಂಡಳಿ ತನ್ನ 'ಗಾಟ್ ಮಿಲ್ಕ್?' ಜಾಹೀರಾತಿಗಾಗಿ ಐದು ಬಸ್ ತಂಗುದಾಣಗಳಲ್ಲಿ ಚಾಕೊಲೇಟ್ ಬಿಸ್ಕತ್ತಿನ ವಾಸನೆ ಸೂಸುವ ಪಟ್ಟಿಗಳನ್ನು ಅಂಟಿಸಿತು. ಬಿಸ್ಕತ್ತಿನ ವಾಸನೆ ಬಂದರೆ ಹಾಲು ನೆನಪಾಗುತ್ತದೆ ಎಂಬ ಲೆಕ್ಕ. ಮಾಡಿದ್ದನ್ನು ಅವರು ಮುಚ್ಚಿಡಲಿಲ್ಲ, ಪತ್ರಿಕೆಗಳಲ್ಲೂ ಬಂತು. ಜನರಿಗೆ ಗೊತ್ತಿದ್ದದ್ದರಿಂದ ದೂರುಗಳು ಬಂದವು. ಆಸ್ತಮಾ ಮತ್ತು ಅಲರ್ಜಿ ಇರುವವರು ಬಸ್ಸಿಗೆ ಕಾಯುವುದು ಹೇಗೆ ಎಂದರು. ಆ ತಂಗುದಾಣಗಳಲ್ಲೇ ರಾತ್ರಿ ಕಳೆಯುವ, ಬಿಸ್ಕತ್ತು ಕೊಳ್ಳಲಾರದ ಮನೆಯಿಲ್ಲದವರ ಮೂಗಿಗೆ ಇದನ್ನು ಹಿಡಿಯುವುದು ಯಾವ ನ್ಯಾಯ ಎಂಬ ಆಕ್ಷೇಪವೂ ಬಂತು. ಹಾಕಿದ ಒಂದೆರಡು ದಿನದಲ್ಲೇ ನಗರದ ಸಾರಿಗೆ ಸಂಸ್ಥೆ ಪಟ್ಟಿಗಳನ್ನು ತೆಗೆಸಿತು. ನನಗೆ ಮುಖ್ಯವಾಗಿ ಕಾಣುವುದು ತೆಗೆಸಿದ್ದಲ್ಲ. ಒಂದು ವಾಸನೆಯ ಬಗ್ಗೆ ಒಂದು ಊರು ಕೂತು ವಾದ ಮಾಡಲು ಸಾಧ್ಯವಾಯಿತಲ್ಲ, ಅದು. ಬಸ್ ತಂಗುದಾಣ ಎಲ್ಲರದು, ಮಾಲ್ ಖಾಸಗಿಯದು, ಬೇಡವಾದರೆ ಹೋಗಬೇಡಿ ಎನ್ನುವವರಿದ್ದಾರೆ. ಹೋಗದಿರುವ ಸ್ವಾತಂತ್ರ್ಯ ಗ್ರಾಹಕರಿಗೇನೋ ಇದೆ.

ಅಲ್ಲಿ ಕೆಲಸ ಮಾಡುವವರಿಗೆ ಅಷ್ಟಿಲ್ಲ. ಈ ವಿಷಯದ ಮೇಲೆ ನಾನು ಓದಿದ ಬರವಣಿಗೆಯಲ್ಲಿ ಬಹುಪಾಲು ಗ್ರಾಹಕರ ಮನಸ್ಸಿನ ಬಗ್ಗೆಯೇ. ಹದಿನೈದು ನಿಮಿಷ ಇದ್ದು ಹೋಗುವವರ ಸ್ವಾತಂತ್ರ್ಯದ ಬಗ್ಗೆ ಇಷ್ಟು ಯೋಚಿಸುವ ನಾವು, ಒಂಬತ್ತು ಗಂಟೆ ನಿಲ್ಲುವವರನ್ನು ಮರೆಯುತ್ತೇವೆ. ನಮ್ಮ ಜೊತೆ ಬಿಲ್ಲಿಂಗ್‌ನಲ್ಲಿದ್ದ ಹುಡುಗಿಗೆ ಮೈಗ್ರೇನ್ ಇತ್ತು. ಡಕ್ಟಿನ ಕಿಂಡಿ ಸರಿಯಾಗಿ ಅವಳ ಕೌಂಟರಿನ ಮೇಲಿತ್ತು. ಅವಳ ತಲೆನೋವಿಗೆ ಪರಿಮಳವೇ ಕಾರಣವೋ, ದೀಪವೋ, ಊಟ ತಡವಾದದ್ದೋ ಹೇಳಲು ನನಗೆ ಬರುವುದಿಲ್ಲ. ಅವಳಿಗೂ ಬರುತ್ತಿರಲಿಲ್ಲ. ವಾಸನೆಯೇ ಗೊತ್ತಾಗದಿದ್ದರೆ ಯಾವುದರ ಮೇಲೆ ಅನುಮಾನ ಪಡುವುದು? ನನ್ನ ಯೂನಿಫಾರ್ಮನ್ನು ವಾರಕ್ಕೊಮ್ಮೆ ಊರಿಗೆ ಒಗೆಯಲು ಒಯ್ದಾಗ ಅಮ್ಮ ಬ್ಯಾಗ್ ತೆಗೆದ ಕೂಡಲೇ "ಇದೇನೇ, ಸೆಂಟಿನ ಬಾಟ್ಲಿ ಒಡೆದುಕೊಂಡ್ಯಾ?" ಎಂದು ಕೇಳುತ್ತಿದ್ದಳು. ನಾನು ಮೂಸಿ ನೋಡಿ "ಇಲ್ವಲ್ಲಮ್ಮ" ಎನ್ನುತ್ತಿದ್ದೆ. ಮೂಗಿನ ವಿಷಯದಲ್ಲಿ ಅಮ್ಮನ ಮಾತು ನಂಬಬೇಕಿತ್ತು.

ಹೋದ ತಿಂಗಳು ಬೆಂಗಳೂರಿಗೆ ಹೋದಾಗ ಆ ಅಂಗಡಿಗೆ ಹೋಗಿ ಬಂದೆ. ಬಾಗಿಲು ದಾಟಿದ ಕೂಡಲೇ ಪರಿಮಳ ಬಂತು. ಜೋರಾಗಿಯೇ. ಅದೇ ಹಳೆಯದು. ನಿಜ ಹೇಳಬೇಕೆಂದರೆ ಹಿತವಾಗಿತ್ತು. ಹೊಟ್ಟೆಯಲ್ಲಿ ಮಾತ್ರ ತಿಂಗಳ ಕೊನೆಯ ಆ ಹಳೆಯ ಆತಂಕ ಒಮ್ಮೆ ಎದ್ದು ಕೂತಿತು. ಕುರ್ತಾ ವಿಭಾಗದಲ್ಲಿ ನನಗೆ ಪರಿಚಯವಿಲ್ಲದ ಹುಡುಗಿಯೊಬ್ಬಳು ಮಡಿಸುತ್ತಾ ನಿಂತಿದ್ದಳು.

"ಇಲ್ಲಿ ಒಂದು ಪರಿಮಳ ಬರುತ್ತಲ್ಲ, ಅದು ಯಾವುದು?" ಎಂದು ಕೇಳಿದೆ.

ಅವಳು ನನ್ನ ಹಾಗೆ ಮೂಸಿ ನೋಡಲಿಲ್ಲ. ಮಡಿಸುವುದನ್ನು ನಿಲ್ಲಿಸಿ, ಸುತ್ತ ಒಮ್ಮೆ ನೋಡಿ ಹೇಳಿದಳು: "ಅದು ನಮಗೆ ಗೊತ್ತಾಗಲ್ಲ ಅಕ್ಕ. ಊರಿಗೆ ಹೋಗಿ ಹತ್ತು ದಿನ ರಜೆ ಮುಗಿಸಿ ಬರ್ತೀವಲ್ಲ, ಆ ದಿನ ಒಂದು ಗೊತ್ತಾಗುತ್ತೆ." ಸ್ವಲ್ಪ ತಡೆದು, "ಯಾಕೆ, ಜಾಸ್ತಿ ಆಗಿದೆಯಾ?" ಎಂದು ಕೇಳಿದಳು.

"ಹೌದು, ಜಾಸ್ತಿಯೇ ಇದೆ" ಎಂದೆ. ಅವಳು ಸ್ಟಾಕ್ ರೂಮಿನ ಕಡೆ ಹೋದಳು.